ಸಹಾಯಕ ಪ್ರಾಧ್ಯಾಪಕರ ಪರಿಚಯ ಬರೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಸುತ್ತಲಿನ ಸಣ್ಣ ಪದವಿ ಕಾಲೇಜುಗಳಲ್ಲಿ ಒಂದು ವಿಭಾಗವೆಂದರೆ ಇಬ್ಬರೋ ಮೂವರೋ ಅಧ್ಯಾಪಕರು. ಪಾಠ, ಪ್ರಾಕ್ಟಿಕಲ್, ಎನ್ನೆಸ್ಸೆಸ್, ಪರೀಕ್ಷೆ ಎಲ್ಲವೂ ಅವರ ಹೆಗಲ ಮೇಲೆಯೇ. ಇಂಥವರು ಕಾಲೇಜಿನ ಜಾಲತಾಣಕ್ಕೆ ತಮ್ಮ ಪರಿಚಯ ಬರೆಯಲು ಕುಳಿತಾಗ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಹೇಳಿದ್ದು ಕಣ್ಣಿಗೆ ಕಟ್ಟಲಿ ಎಂದು ಒಬ್ಬ ಅಧ್ಯಾಪಕಿಯನ್ನು ಕಲ್ಪಿಸಿಕೊಂಡಿದ್ದೇವೆ. ಉಡುಪಿ ಜಿಲ್ಲೆಯ ಸಣ್ಣ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವವರು. ಸೀತಾ–ಸ್ವರ್ಣಾ ನದಿಗಳ ಅಳಿವೆಯ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಕಾಡು ಅವರ ಸಂಶೋಧನೆಯ ವಿಷಯ.

ಈ ಪರಿಚಯವನ್ನು ಓದುವವರು ಯಾರು?

ಮೂರು ಬಗೆಯವರು. ಮೊದಲನೆಯವರು ವಿದ್ಯಾರ್ಥಿಗಳು. ಯಾವ ಪಾಠಕ್ಕೆ ಇವರು ಬರುತ್ತಾರೆ, ಪ್ರಾಜೆಕ್ಟಿಗೆ ಇವರ ಬಳಿ ಹೋಗಬಹುದೇ, ಯಾವಾಗ ಸಿಗುತ್ತಾರೆ ಎಂಬುದು ಅವರಿಗೆ ಬೇಕು. ಎರಡನೆಯವರು ಬೇರೆ ಕಾಲೇಜಿನ ಅಧ್ಯಾಪಕರು ಮತ್ತು ಸಂಶೋಧಕರು. ಉಪನ್ಯಾಸಕ್ಕೆ ಕರೆಯಲು, ಪ್ರಶ್ನೆಪತ್ರಿಕೆ ತಯಾರಿಸುವ ಮಂಡಳಿಗೆ ಹೆಸರು ಸೂಚಿಸಲು, ಜೊತೆಗೂಡಿ ಕೆಲಸ ಮಾಡಲು ಅವರು ಹುಡುಕುತ್ತಾರೆ. ಮೂರನೆಯವರು ನ್ಯಾಕ್ ಅಥವಾ ವಿಶ್ವವಿದ್ಯಾನಿಲಯದ ಸ್ಥಳೀಯ ವಿಚಾರಣಾ ಸಮಿತಿಯವರು. ಇವರು ಬರೆದದ್ದನ್ನು ದಾಖಲೆಯೊಂದಿಗೆ ತಾಳೆ ನೋಡುತ್ತಾರೆ.

ನಮ್ಮ ಕಾಲೇಜುಗಳ ಹೆಚ್ಚಿನ ಪರಿಚಯಗಳು ಮೂರನೆಯವರನ್ನು ಮಾತ್ರ ನೆನೆದು ಬರೆದಂಥವು. ಹಾಗಾಗಿ ಅವು ಹಾಜರಾದ ವಿಚಾರ ಸಂಕಿರಣಗಳ ಉದ್ದ ಪಟ್ಟಿಯಾಗಿ ಮುಗಿಯುತ್ತವೆ, ವಿದ್ಯಾರ್ಥಿಗೆ ಬೇಕಾದ ಒಂದು ವಾಕ್ಯವೂ ಅವುಗಳಲ್ಲಿ ಸಿಗುವುದಿಲ್ಲ.

ಎಷ್ಟು ಉದ್ದ ಇರಬೇಕು? ಯಾವುದು ಮೊದಲು?

ಕನ್ನಡದಲ್ಲಿ 80ರಿಂದ 150 ಪದ ಸಾಕು. ಪ್ರಬಂಧಗಳ ಪಟ್ಟಿ ಅದರ ಕೆಳಗೆ ಬೇರೆಯಾಗಿರಲಿ. ಹುದ್ದೆ ಮತ್ತು ಓದು ಎರಡು ವಾಕ್ಯದಲ್ಲಿ ಮುಗಿಯಲಿ. ಆಮೇಲೆ ಕಲಿಸುವ ವಿಷಯ, ಸಂಶೋಧನೆ, ವಿದ್ಯಾರ್ಥಿ ಮಾರ್ಗದರ್ಶನ, ಕೊನೆಗೆ ಭೇಟಿಯ ಸಮಯ. ಪದವಿ ಕಾಲೇಜಿನಲ್ಲಿ ಬೋಧನೆಯೇ ಮುಖ್ಯ ಕೆಲಸ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ನೇರ ಬೋಧನೆ ಎಂದಿದೆ. ಆದ್ದರಿಂದ ಸಂಶೋಧನೆಯನ್ನು ಮುಂದಿಟ್ಟು ಪಾಠವನ್ನು ಕೊನೆಯ ಸಾಲಿಗೆ ತಳ್ಳುವುದು ನಮಗೆ ಸರಿಕಾಣುವುದಿಲ್ಲ.

‘ನಾನು’ ಎಂದು ಬರೆಯುವುದಕ್ಕಿಂತ ‘ಕಲಿಸುತ್ತಾರೆ’, ‘ಅಧ್ಯಯನ ಮಾಡುತ್ತಿದ್ದಾರೆ’ ಎಂದು ಬರೆಯುವುದು ನಮ್ಮ ಕಡೆಯ ರೂಢಿ. ಹಾಗೆಯೇ ಬರೆಯಿರಿ. ಆದರೆ ಪ್ರತಿ ವಾಕ್ಯವನ್ನೂ ‘ಇವರು’ ಎಂದು ಆರಂಭಿಸಿದರೆ ಸನ್ಮಾನ ಪತ್ರದಂತೆ ಕೇಳುತ್ತದೆ.

ಪಿಎಚ್‌ಡಿ ಪ್ರಬಂಧ ಸಲ್ಲಿಸಿದ್ದಾಗಿದೆ. ಹೆಸರಿನ ಹಿಂದೆ ‘ಡಾ.’ ಹಾಕಬಹುದೇ?

ಸಲ್ಲಿಸಿದ ಮಾತ್ರಕ್ಕೆ ಹಾಕುವಂತಿಲ್ಲ. ಮೌಖಿಕ ಪರೀಕ್ಷೆ ಮುಗಿದು, ಪದವಿ ನೀಡಲಾಗಿದೆ ಎಂದು ವಿಶ್ವವಿದ್ಯಾನಿಲಯ ಲಿಖಿತವಾಗಿ ತಿಳಿಸಿದ ಮೇಲೆ ಹಾಕಿ. ಅಲ್ಲಿಯವರೆಗೆ ‘ಪಿಎಚ್‌ಡಿ ಪ್ರಬಂಧ ಸಲ್ಲಿಸಿದ್ದಾರೆ’ ಎಂದು ವರ್ಷ ಸಮೇತ ಬರೆದರೆ ಅದು ನಿಜವೂ ಹೌದು, ಗೌರವಕ್ಕೂ ಕುಂದಿಲ್ಲ.

ನೆಟ್ ವಿಷಯದಲ್ಲಿಯೂ ಎರಡು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು, ‘ಯುಜಿಸಿ ನೆಟ್ (ಸಸ್ಯಶಾಸ್ತ್ರ)’ ಎಂದು ಬರೆಯುವುದು. ಸಸ್ಯಶಾಸ್ತ್ರ ಓದಿದವರು ಬರೆಯುವುದು ಸಿಎಸ್‌ಐಆರ್–ಯುಜಿಸಿ ನೆಟ್, ಅದರಲ್ಲಿ ವಿಷಯ ಜೀವ ವಿಜ್ಞಾನ. ಪ್ರಮಾಣಪತ್ರದಲ್ಲಿ ಇರುವಂತೆಯೇ ಬರೆಯಿರಿ. ಇನ್ನೊಂದು ಹೊಸದು. 2024ರಿಂದ ನೆಟ್ ಫಲಿತಾಂಶದಲ್ಲಿ ‘ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ’ ಎಂಬ ವರ್ಗವೂ ಬಂದಿದೆ. ಆ ವರ್ಗದಲ್ಲಿ ಪಾಸಾದವರು ಬರೀ ‘ನೆಟ್ ತೇರ್ಗಡೆ’ ಎಂದು ಹಾಕಿಕೊಂಡರೆ ಓದುವವರು ಅದನ್ನು ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆ ಎಂದೇ ತಿಳಿಯುತ್ತಾರೆ. ಪರಿಶೀಲನೆಯ ದಿನ ಇದು ಮುಜುಗರಕ್ಕೆ ದಾರಿ.

ಹೆಸರನ್ನು ಹೇಗೆ ಬರೆಯಬೇಕು? ಮದುವೆಯ ನಂತರ ಹೆಸರು ಬದಲಾಗಿದೆ.

ಕರಾವಳಿಯ ಹೆಸರುಗಳಿಗೆ ಇದು ದೊಡ್ಡ ತಲೆನೋವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಮೊದಲ ಪ್ರಬಂಧದಲ್ಲಿ ತಂದೆಯ ಮನೆಯ ಹೆಸರು, ಮುಂದಿನದರಲ್ಲಿ ಗಂಡನ ಮನೆಯ ಹೆಸರು. ಹೊರಗಿನವರಿಗೆ ಇದು ಮೂರು ಜನರ ಕೆಲಸದಂತೆ ಕಾಣುತ್ತದೆ. ಪರಿಚಯದ ತಲೆಬರಹದಲ್ಲಿ ಕಾಲೇಜಿನ ಸೇವಾ ದಾಖಲೆಯ ಹೆಸರೇ ಇರಲಿ. ಪ್ರಬಂಧಗಳ ಪಟ್ಟಿಯ ಮೇಲೆ ‘2017ರವರೆಗಿನ ಪ್ರಕಟಣೆಗಳು ಈ ಹೆಸರಿನಲ್ಲಿವೆ’ ಎಂದು ಒಂದು ಸಾಲು ಸೇರಿಸಿ.

ಇದರ ಜೊತೆಗೆ ORCID ಗುರುತಿನ ಸಂಖ್ಯೆ ಮಾಡಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಖರ್ಚಿಲ್ಲ. 16 ಸ್ಥಾನಗಳ ಸಂಖ್ಯೆ, ನಾಲ್ಕು ನಾಲ್ಕರ ಗುಂಪಿನಲ್ಲಿ ಇರುತ್ತದೆ. ಕೊನೆಯ ಸ್ಥಾನದಲ್ಲಿ ಕೆಲವೊಮ್ಮೆ `X` ಬರುತ್ತದೆ, ಅದನ್ನು ಮುದ್ರಣದೋಷವೆಂದು ತೆಗೆದುಬಿಡಬೇಡಿ. ಅಲ್ಲಿನ `Also known as` ಎಂಬ ಜಾಗದಲ್ಲಿ ಹಳೆಯ ಹೆಸರು, ಇನಿಷಿಯಲ್ ಇರುವ ಹೆಸರು ಎಲ್ಲವನ್ನೂ ತುಂಬಿ. ಪರಿಚಯದಲ್ಲಿ ಸಂಖ್ಯೆಯನ್ನಷ್ಟೇ ಹಾಕದೆ `https://orcid.org/` ಇಂದ ಆರಂಭವಾಗುವ ಪೂರ್ಣ ಕೊಂಡಿ ಕೊಡಿ.

ಕಲಿಸುವ ವಿಷಯಗಳನ್ನು ಪತ್ರಿಕೆಯ ಸಂಕೇತ ಸಮೇತ ಪಟ್ಟಿ ಮಾಡಬೇಕೇ?

ಬೇಡ, ಅವು ಬೇಗ ಹಳತಾಗುತ್ತವೆ. ಕರ್ನಾಟಕದಲ್ಲಿ 2021–22ರಿಂದ ಎನ್ಇಪಿ ಪಠ್ಯಕ್ರಮ ಬಂತು, 2024–25ರಲ್ಲಿ ಸೇರಿದವರಿಂದ ಮತ್ತೆ ಮೂರು ವರ್ಷದ ಪದವಿ, ಎಸ್ಇಪಿ ಪಠ್ಯಕ್ರಮ. ನಡುವಿನ ವರ್ಷಗಳಲ್ಲಿ ಒಬ್ಬರೇ ಅಧ್ಯಾಪಕರು ಬೆಳಿಗ್ಗೆ ಒಂದು ಪಠ್ಯಕ್ರಮದ ತರಗತಿಗೂ ಮಧ್ಯಾಹ್ನ ಇನ್ನೊಂದರ ತರಗತಿಗೂ ಹೋಗಬೇಕಾಯಿತು. ಪತ್ರಿಕೆಯ ಹೆಸರು, ಸಂಕೇತ, ಸೆಮಿಸ್ಟರ್ ಎಲ್ಲ ಬದಲಾದರೂ ಒಳಗಿನ ಪಾಠ ಹೆಚ್ಚು ಬದಲಾಗಲಿಲ್ಲ. ನಿಮ್ಮದು ಸ್ವಾಯತ್ತ ಕಾಲೇಜಾದರೆ ಸಂಕೇತಗಳು ಇನ್ನೂ ಬೇರೆ. ಆದ್ದರಿಂದ ಸಂಕೇತದ ಬದಲು ಪಾಠದ ಹುರುಳನ್ನು ಬರೆಯಿರಿ.

‘ಡಿಎಸ್‌ಸಿ, ಒಇ ಮತ್ತು ಎಸ್ಇಸಿ ಪತ್ರಿಕೆಗಳನ್ನು ಬೋಧಿಸುತ್ತಾರೆ’ ಎಂಬ ವಾಕ್ಯದಿಂದ ಪಿಯುಸಿ ಮುಗಿಸಿ ಬರುವ ಹುಡುಗಿಗೆ ಏನೂ ತಿಳಿಯುವುದಿಲ್ಲ. ನಮ್ಮ ಕಾಲ್ಪನಿಕ ಅಧ್ಯಾಪಕಿ ಹೀಗೆ ಬರೆಯಬಹುದು: ‘ಬಿ.ಎಸ್ಸಿ. ತರಗತಿಗಳಿಗೆ ಸಸ್ಯ ವರ್ಗೀಕರಣ, ಪರಿಸರಶಾಸ್ತ್ರ ಮತ್ತು ಪಾಚಿ–ಶಿಲೀಂಧ್ರಗಳ ಪಾಠ ಮಾಡುತ್ತಾರೆ. ಹರ್ಬೇರಿಯಂ ತಯಾರಿ ಮತ್ತು ಕ್ಷೇತ್ರ ಅಧ್ಯಯನದ ಪ್ರಾಕ್ಟಿಕಲ್ ತರಗತಿಗಳು ಇವರ ಹೊಣೆ.’

ಇಬ್ಬರೇ ಇರುವ ವಿಭಾಗದಲ್ಲಿ ಎಲ್ಲರೂ ಎಲ್ಲವನ್ನೂ ಕಲಿಸುತ್ತಾರೆ, ನಿಜ. ಹಾಗೆಂದು ಹನ್ನೆರಡು ಹೆಸರು ಸಾಲಾಗಿ ಬರೆದರೆ ನೀವು ಯಾವುದರಲ್ಲಿ ಗಟ್ಟಿ ಎಂಬುದೇ ಮರೆಯಾಗುತ್ತದೆ. ವರ್ಷದಿಂದ ವರ್ಷಕ್ಕೆ ನಿಮ್ಮ ಪಾಲಿಗೇ ಬರುವ ಮೂರು ವಿಷಯ ಹೆಸರಿಸಿ. ಒಂದು ಸೆಮಿಸ್ಟರಿನಲ್ಲಿ ರಜೆಯಲ್ಲಿದ್ದವರ ಬದಲಿಗೆ ಮಾಡಿದ ಪಾಠ ಇಲ್ಲಿ ಬೇಡ. ಪ್ರಾಕ್ಟಿಕಲ್ ಅನ್ನು ಮಾತ್ರ ಬಿಡಬೇಡಿ. ವಿಜ್ಞಾನದ ವಿದ್ಯಾರ್ಥಿಗಳು ನಿಮ್ಮೊಂದಿಗೆ ಹೆಚ್ಚು ಹೊತ್ತು ಕಳೆಯುವುದು ಅಲ್ಲೇ.

ಸಂಶೋಧನೆಯನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ಹೇಗೆ ಬರೆಯುವುದು?

‘ಜೀವವೈವಿಧ್ಯ, ಪರಿಸರ ಸಂರಕ್ಷಣೆ, ಸುಸ್ಥಿರ ಅಭಿವೃದ್ಧಿ ಇವರ ಆಸಕ್ತಿಯ ಕ್ಷೇತ್ರಗಳು’ ಎಂದು ಬರೆದರೆ ಅದು ರಾಜ್ಯದ ಯಾವ ಸಸ್ಯಶಾಸ್ತ್ರ ಅಧ್ಯಾಪಕರಿಗೂ ಹೊಂದುತ್ತದೆ. ಬದಲಿಗೆ ನಾಲ್ಕು ಪ್ರಶ್ನೆ ಹಾಕಿಕೊಳ್ಳಿ: ಯಾವುದನ್ನು, ಎಲ್ಲಿ, ಹೇಗೆ, ಯಾವ ಪ್ರಶ್ನೆಗೆ ಉತ್ತರವಾಗಿ?

ನಮ್ಮ ಅಧ್ಯಾಪಕಿಯ ಕೆಲಸವನ್ನೇ ನೋಡೋಣ. ಕೋಡಿ ಬೆಂಗ್ರೆಯ ಬಳಿ ಸೀತಾ, ಸ್ವರ್ಣಾ ಎರಡೂ ನದಿಗಳು ಸಮುದ್ರ ಸೇರುತ್ತವೆ. ಮಳೆಗಾಲದಲ್ಲಿ ನದಿಯ ನೀರು ತುಂಬಿ ಅಳಿವೆಯ ಉಪ್ಪು ಇಳಿಯುತ್ತದೆ, ಬೇಸಿಗೆಯಲ್ಲಿ ಭರತದೊಂದಿಗೆ ಉಪ್ಪುನೀರು ಒಳಕ್ಕೆ ಬರುತ್ತದೆ. ಅಳಿವೆಯಿಂದ ಮೇಲಕ್ಕೆ ಹೋದಂತೆ ಕಾಂಡ್ಲಾ ಜಾತಿಗಳು ಹೇಗೆ ಬದಲಾಗುತ್ತವೆ ಎಂಬುದು ಪ್ರಶ್ನೆ. ಇಳಿತದ ಹೊತ್ತು ನೋಡಿಕೊಂಡು ಹೋಗಿ, 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕಗಳನ್ನು ಹಗ್ಗದಿಂದ ಗುರುತಿಸಿ, ಒಳಗಿನ ಮರಗಳ ಜಾತಿ ಮತ್ತು ಸುತ್ತಳತೆ ಬರೆದುಕೊಳ್ಳುತ್ತಾರೆ. ನೀರಿನ ಉಪ್ಪನ್ನು ರಿಫ್ರಾಕ್ಟೋಮೀಟರಿನಲ್ಲಿ ಅಳೆಯುತ್ತಾರೆ. ಇಷ್ಟನ್ನೂ ಪರಿಚಯದಲ್ಲಿ ಎರಡು ವಾಕ್ಯಕ್ಕೆ ಇಳಿಸಬಹುದು: ‘ಸೀತಾ–ಸ್ವರ್ಣಾ ಅಳಿವೆಯಲ್ಲಿ ನೀರಿನ ಉಪ್ಪು ಬದಲಾದಂತೆ ಕಾಂಡ್ಲಾ ಜಾತಿಗಳು ಎಲ್ಲಿ ಯಾವುವು ಬೆಳೆಯುತ್ತವೆ ಎಂಬುದನ್ನು ಅಧ್ಯಯನ ಮಾಡುತ್ತಾರೆ. ಗುರುತಿಸಿದ ಚೌಕಗಳಲ್ಲಿ ಮರಗಳನ್ನು ಎಣಿಸಿ ಅಳೆಯುವುದು, ನೀರಿನ ಉಪ್ಪನ್ನು ಋತುವಿನಿಂದ ಋತುವಿಗೆ ದಾಖಲಿಸುವುದು ಕೆಲಸದ ಕ್ರಮ.’

ಮೀನುಗಾರರ ಮನೆಯ ಹುಡುಗನಿಗೂ ಇದು ಅರ್ಥವಾಗುತ್ತದೆ, ಗೋವಾದಲ್ಲೋ ಕೇರಳದಲ್ಲೋ ಇದೇ ಕೆಲಸ ಮಾಡುವ ಸಂಶೋಧಕರಿಗೂ ಪ್ರಯೋಜನವಾಗುತ್ತದೆ. ಬರೆದದ್ದು ಸರಿಯಿದೆಯೇ ಎಂದು ನೋಡಲು ಸುಲಭದ ದಾರಿಯಿದೆ. ಹೆಸರು ಮುಚ್ಚಿ ವಾಕ್ಯವನ್ನು ಸಹೋದ್ಯೋಗಿಗೆ ಓದಿ ಹೇಳಿ. ಯಾರದೆಂದು ಅವರು ಹೇಳಲಾರದಿದ್ದರೆ ಇನ್ನೂ ಬಿಡಿಸಿ ಬರೆಯಬೇಕು.

ಪ್ರಬಂಧಗಳ ಪಟ್ಟಿಯಲ್ಲಿ ಏನು ತಪ್ಪಾಗುತ್ತದೆ?

ಹೆಚ್ಚಿನ ಎಡವಟ್ಟು ಗೂಗಲ್ ಸ್ಕಾಲರಿನಿಂದ ಬರುತ್ತದೆ. ನಮ್ಮ ಜಿಲ್ಲೆಗಳಲ್ಲಿ ಶೆಟ್ಟಿ, ರಾವ್, ಭಟ್, ಡಿಸೋಜ ಎಂಬ ಹೆಸರಿನವರು ಎಷ್ಟೊಂದು ಮಂದಿ. ಮೇಲಿಂದ ವೈದ್ಯಕೀಯ ಕಾಲೇಜುಗಳೂ ಸುತ್ತಮುತ್ತಲೇ ಇವೆ. ಇನಿಷಿಯಲ್ ಒಂದೇ ಆದರೆ ಸಸ್ಯಶಾಸ್ತ್ರ ಅಧ್ಯಾಪಕಿಯ ಖಾತೆಗೆ ದಂತವೈದ್ಯರ ಪ್ರಬಂಧ ಬಂದು ಕೂರುತ್ತದೆ. ಉಲ್ಲೇಖಗಳ ಸಂಖ್ಯೆ ಒಮ್ಮೆಲೇ ಏರಿದರೆ ಹಿಗ್ಗುವ ಮೊದಲು ಪಟ್ಟಿಯನ್ನು ಒಂದೊಂದಾಗಿ ನೋಡಿ, ನಿಮ್ಮದಲ್ಲದ್ದನ್ನು ತೆಗೆಯಿರಿ. ಹೊಸ ಪ್ರಬಂಧಗಳು ತಾವಾಗಿಯೇ ಸೇರದೆ, ಮೊದಲು ನಿಮಗೆ ಇಮೇಲ್ ಬರುವಂತೆ ಅಲ್ಲಿ ಬದಲಿಸಿಕೊಳ್ಳಬಹುದು.

ಪರಿಚಯದ ಕೆಳಗೆ ಮೂರರಿಂದ ಐದು ಪ್ರಬಂಧ ಸಾಕು. ಲೇಖಕರ ಹೆಸರುಗಳು ಪ್ರಕಟವಾದ ಕ್ರಮದಲ್ಲೇ ಇರಲಿ. ಮೂರನೆಯವರಾದ ನೀವು ಮೊದಲಿಗೆ ಜಿಗಿಯಬೇಡಿ. ವಿಚಾರ ಸಂಕಿರಣದ ಸಂಪುಟಕ್ಕೆ ಇರುವುದು ಪುಸ್ತಕದ ಐಎಸ್‌ಬಿಎನ್, ನಿಯತಕಾಲಿಕೆಗೆ ಇರುವುದು ಐಎಸ್‌ಎಸ್‌ಎನ್. ಎರಡನ್ನೂ ‘ಅಂತಾರಾಷ್ಟ್ರೀಯ ನಿಯತಕಾಲಿಕೆ’ ಎಂಬ ಒಂದೇ ತಲೆಬರಹದಡಿ ಸೇರಿಸುವುದು ಸಮಿತಿಯವರು ಮೊದಲು ಹಿಡಿಯುವ ತಪ್ಪು. ಡಿಒಐ ಇದ್ದರೆ `https://doi.org/` ಸೇರಿಸಿ ಕೊಡಿ, ಕೊಟ್ಟ ಮೇಲೆ ಒಮ್ಮೆ ಒತ್ತಿ ನೋಡಿ. ಕೊಂಡಿ ಎಲ್ಲಿಗೂ ಹೋಗದಿದ್ದರೆ ಒಂದೋ ನೀವು ಬರೆದದ್ದರಲ್ಲಿ ಅಕ್ಷರ ತಪ್ಪಿದೆ, ಇಲ್ಲವೇ ಆ ಪತ್ರಿಕೆ ಕೊಟ್ಟ ಸಂಖ್ಯೆಯೇ ನೋಂದಣಿಯಾಗಿಲ್ಲ. ಹಣ ಪಡೆದು ನಾಲ್ಕೇ ದಿನದಲ್ಲಿ ಪ್ರಕಟಿಸುವ ಪತ್ರಿಕೆಗಳಲ್ಲಿ ಎರಡನೆಯದು ಅಪರೂಪವಲ್ಲ. ಅಂಥ ಪ್ರಬಂಧವನ್ನು ಪಟ್ಟಿಯಿಂದ ಬಿಟ್ಟರೆ ನಷ್ಟವೇನಿಲ್ಲ.

ಯುಜಿಸಿ–ಕೇರ್ ಪಟ್ಟಿಯನ್ನು 2025ರಲ್ಲಿ ಯುಜಿಸಿ ಕೈಬಿಟ್ಟಿದೆ. ಹಳೆಯ ಪ್ರಬಂಧದ ಮುಂದೆ ಆ ಮಾತು ಬೇಕೆನಿಸಿದರೆ ‘ಪ್ರಕಟವಾದಾಗ ಕೇರ್ ಪಟ್ಟಿಯಲ್ಲಿತ್ತು’ ಎಂದು ಬರೆಯಿರಿ.

ಪ್ರಬಂಧವೇ ಪ್ರಕಟವಾಗಿಲ್ಲ. ಆ ಭಾಗ ಖಾಲಿ ಬಿಡುವುದೇ?

‘ಪ್ರಕಟಣೆಗಳು: ಇಲ್ಲ’ ಎಂದು ಬರೆಯುವ ಅಗತ್ಯವಿಲ್ಲ, ಆ ತಲೆಬರಹವನ್ನೇ ತೆಗೆದುಬಿಡಿ. ನಡೆಯುತ್ತಿರುವ ಕೆಲಸವಿದ್ದರೆ ವರ್ತಮಾನದಲ್ಲಿ ಒಂದು ವಾಕ್ಯ ಬರೆಯಿರಿ. ಎಂ.ಎಸ್ಸಿ.ಯಲ್ಲಿ ಮಾಡಿದ ಪ್ರಾಜೆಕ್ಟನ್ನು ಹೇಳುವುದಾದರೆ ಅದು ಎಂ.ಎಸ್ಸಿ. ಪ್ರಾಜೆಕ್ಟ್ ಎಂದೇ ಹೇಳಿ. ಕಾಲೇಜಿನ ಗಿಡಗಳಿಗೆ ಹೆಸರುಪಟ್ಟಿ ಮಾಡಿಸಿದ್ದು, ಹರ್ಬೇರಿಯಂ ಹಾಳೆಗಳನ್ನು ಜೋಡಿಸಿಟ್ಟದ್ದು ಇಂಥವೂ ಬರೆಯತಕ್ಕ ಕೆಲಸಗಳೇ.

ವಿದ್ಯಾರ್ಥಿ ಮಾರ್ಗದರ್ಶನ ಎಂದರೆ ಏನೆಲ್ಲ ಬರೆಯಬೇಕು?

ಈ ಭಾಗದಲ್ಲಿ ಮೂರು ಬೇರೆ ಬೇರೆ ಕೆಲಸಗಳು ಕಲಸಿಹೋಗುತ್ತವೆ. ಕಾಲೇಜು ಹಂಚಿಕೊಟ್ಟ ಒಂದು ಗುಂಪಿನ ಹಾಜರಾತಿ, ಅಂಕ, ಕಷ್ಟಸುಖ ನೋಡಿಕೊಳ್ಳುವುದು ಮೆಂಟರ್ ಕೆಲಸ. ಪದವಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ನೋಡಿಕೊಳ್ಳುವುದು ಇನ್ನೊಂದು. ಪಿಎಚ್‌ಡಿ ಮಾರ್ಗದರ್ಶನ ಮೂರನೆಯದು, ಅದಕ್ಕೆ ವಿಶ್ವವಿದ್ಯಾನಿಲಯದ ಮಾನ್ಯತೆ ಬೇಕು. ‘ಅನೇಕ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾಗಿದ್ದಾರೆ’ ಎಂದರೆ ಯಾವುದೆಂದು ತಿಳಿಯುವುದಿಲ್ಲ. ತಿಳಿದವರಿಗೆ ಅನುಮಾನವೂ ಬರುತ್ತದೆ.

ಪ್ರಾಜೆಕ್ಟಿನ ಬಗ್ಗೆ ವಿದ್ಯಾರ್ಥಿ ಕೇಳುವುದನ್ನೇ ಮೊದಲು ಹೇಳಿ. ನಮ್ಮ ಅಧ್ಯಾಪಕಿಯ ಬಳಿ ಕಾಂಡ್ಲಾ ಪ್ರಾಜೆಕ್ಟ್ ಮಾಡುವವರು ಇಳಿತದ ಹೊತ್ತಿಗೆ ಕೆಸರಿಗೆ ಇಳಿಯಬೇಕು. ಇಳಿತದ ಸಮಯ ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಕಾಲೇಜಿನ ವೇಳಾಪಟ್ಟಿಗೆ ಅದು ಹೊಂದುವುದಿಲ್ಲ, ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಬರಬೇಕಾಗುತ್ತದೆ. ರೈಜೋಫೋರಾ ಮರದ ಸುತ್ತಳತೆಯನ್ನು ಬೇರೆ ಮರಗಳಂತೆ ಎದೆಯ ಎತ್ತರದಲ್ಲಿ ತೆಗೆಯಲಾಗುವುದಿಲ್ಲ. ಆಸರೆ ಬೇರುಗಳು ಆ ಎತ್ತರಕ್ಕೂ ಏರಿರುತ್ತವೆ, ಹಾಗಾಗಿ ಎಲ್ಲಕ್ಕಿಂತ ಮೇಲಿನ ಬೇರಿನ ಮೇಲಕ್ಕೆ ಟೇಪು ಹಿಡಿಯಬೇಕು. ಇದು ಗೊತ್ತಿಲ್ಲದೆ ಬೇರನ್ನೂ ಸೇರಿಸಿ ಅಳೆದರೆ ಲೆಕ್ಕವೆಲ್ಲ ತಪ್ಪುತ್ತದೆ. ಈ ವಿವರವೆಲ್ಲ ಪರಿಚಯದಲ್ಲಿ ಬರಬೇಕಿಲ್ಲ. ‘ವಾರಾಂತ್ಯದ ಕ್ಷೇತ್ರಕಾರ್ಯವಿರುತ್ತದೆ, ಮರ ಅಳೆಯುವ ಕ್ರಮ ಮತ್ತು ಜಾತಿ ಗುರುತಿಸುವುದನ್ನು ಮೊದಲು ಕಲಿಸಲಾಗುತ್ತದೆ’ ಎಂದಿಷ್ಟು ಇದ್ದರೆ ಬರುವವರು ತಿಳಿದೇ ಬರುತ್ತಾರೆ.

ಹಳೆಯ ವಿದ್ಯಾರ್ಥಿಗಳ ಹೆಸರು, ಫೋಟೋ, ಅಂಕ ಹಾಕುವ ಮೊದಲು ಅವರ ಒಪ್ಪಿಗೆ ಕೇಳಿ. ಪ್ರಾಜೆಕ್ಟ್ ಶೀರ್ಷಿಕೆ ಮತ್ತು ವರ್ಷ ಬರೆದರೂ ಸಾಕಾಗುತ್ತದೆ.

‘ಸಂಶೋಧನಾ ಮಾರ್ಗದರ್ಶಕರು’ ಎಂದು ಯಾವಾಗ ಬರೆಯಬಹುದು?

ವಿಶ್ವವಿದ್ಯಾನಿಲಯ ಮಾನ್ಯತೆ ಕೊಟ್ಟ ಮೇಲೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿಯಂತೆ ಖಾಯಂ ಸಹಾಯಕ ಪ್ರಾಧ್ಯಾಪಕರಿಗೆ ಪಿಎಚ್‌ಡಿ, ಐದು ವರ್ಷದ ಬೋಧನೆ ಅಥವಾ ಸಂಶೋಧನೆಯ ಅನುಭವ, ಪರಿಣತರು ಪರಿಶೀಲಿಸುವ ಪತ್ರಿಕೆಗಳಲ್ಲಿ ಕನಿಷ್ಠ ಮೂರು ಪ್ರಬಂಧ ಬೇಕು. ಒಂದೇ ಸಮಯಕ್ಕೆ ಹೆಚ್ಚೆಂದರೆ ನಾಲ್ಕು ಮಂದಿಗೆ ಮಾರ್ಗದರ್ಶನ ಮಾಡಬಹುದು. ಅರ್ಹತೆ ಇದೆ ಎಂದಾಕ್ಷಣ ಮಾನ್ಯತೆ ಬಂದಂತಲ್ಲ. ಪತ್ರ ಕೈಸೇರಿದ ಮೇಲೆ ವಿಶ್ವವಿದ್ಯಾನಿಲಯದ ಹೆಸರು, ಮಾನ್ಯತೆಯ ವರ್ಷ, ಈಗ ಸ್ಥಾನ ಖಾಲಿ ಇದೆಯೇ ಎಂಬುದನ್ನು ಬರೆಯಿರಿ. ಖಾಲಿ ಇಲ್ಲವೆಂದು ಮೊದಲೇ ಹೇಳಿದರೆ ಅನಗತ್ಯ ಫೋನ್ ಕರೆಗಳು ತಪ್ಪುತ್ತವೆ.

ಎಲ್ಲ ಸೇರಿಸಿದರೆ ಹೇಗಿರುತ್ತದೆ?

ಕಾಲ್ಪನಿಕ ಅಧ್ಯಾಪಕಿಯ ಪರಿಚಯ ಹೀಗೆ:

> ಸಸ್ಯಶಾಸ್ತ್ರ ವಿಭಾಗದ ಸಹಾಯಕ ಪ್ರಾಧ್ಯಾಪಕಿ; 2016ರಿಂದ ಈ ಕಾಲೇಜಿನಲ್ಲಿದ್ದಾರೆ. ಎಂ.ಎಸ್ಸಿ., ಸಿಎಸ್‌ಐಆರ್–ಯುಜಿಸಿ ನೆಟ್ (ಜೀವ ವಿಜ್ಞಾನ), ಪಿಎಚ್‌ಡಿ (2021).
>
> ಬಿ.ಎಸ್ಸಿ. ತರಗತಿಗಳಿಗೆ ಸಸ್ಯ ವರ್ಗೀಕರಣ, ಪರಿಸರಶಾಸ್ತ್ರ ಮತ್ತು ಪಾಚಿ–ಶಿಲೀಂಧ್ರಗಳ ಪಾಠ ಮಾಡುತ್ತಾರೆ. ಹರ್ಬೇರಿಯಂ ತಯಾರಿ ಮತ್ತು ಕ್ಷೇತ್ರ ಅಧ್ಯಯನದ ಪ್ರಾಕ್ಟಿಕಲ್ ತರಗತಿಗಳು ಇವರ ಹೊಣೆ.
>
> ಸೀತಾ–ಸ್ವರ್ಣಾ ಅಳಿವೆಯಲ್ಲಿ ನೀರಿನ ಉಪ್ಪು ಬದಲಾದಂತೆ ಕಾಂಡ್ಲಾ ಜಾತಿಗಳು ಎಲ್ಲಿ ಯಾವುವು ಬೆಳೆಯುತ್ತವೆ ಎಂಬುದನ್ನು ಅಧ್ಯಯನ ಮಾಡುತ್ತಾರೆ. ಗುರುತಿಸಿದ ಚೌಕಗಳಲ್ಲಿ ಮರಗಳನ್ನು ಎಣಿಸಿ ಅಳೆಯುವುದು, ನೀರಿನ ಉಪ್ಪನ್ನು ಋತುವಿನಿಂದ ಋತುವಿಗೆ ದಾಖಲಿಸುವುದು ಕೆಲಸದ ಕ್ರಮ.
>
> ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಮಾರ್ಗದರ್ಶನ ನೀಡುತ್ತಾರೆ. ವಾರಾಂತ್ಯದ ಕ್ಷೇತ್ರಕಾರ್ಯವಿರುತ್ತದೆ, ಮರ ಅಳೆಯುವ ಕ್ರಮ ಮತ್ತು ಜಾತಿ ಗುರುತಿಸುವುದನ್ನು ಮೊದಲು ಕಲಿಸಲಾಗುತ್ತದೆ. ಪ್ರಾಜೆಕ್ಟ್ ಮಾಡಬಯಸುವವರು ಅಕ್ಟೋಬರ್ ಒಳಗೆ ಭೇಟಿಯಾಗಬೇಕು.
>
> ಭೇಟಿ: ಮಂಗಳವಾರ, ಗುರುವಾರ ಮಧ್ಯಾಹ್ನ 3ರಿಂದ 4, ಸಸ್ಯಶಾಸ್ತ್ರ ಪ್ರಯೋಗಾಲಯ.

ಅಕ್ಟೋಬರ್ ಎಂದು ಹಾಕಿದ್ದಕ್ಕೆ ಕಾರಣವಿದೆ. ಮಳೆ ನಿಂತ ಮೇಲೆ ಚೌಕಗಳನ್ನು ಗುರುತಿಸಿ, ಬೇಸಿಗೆಯ ಉಪ್ಪು ಏರುವವರೆಗೆ ಅಳತೆ ತೆಗೆಯಬೇಕು. ಜನವರಿಯಲ್ಲಿ ಬಂದವರಿಗೆ ಅರ್ಧ ಋತು ಕೈತಪ್ಪಿರುತ್ತದೆ.

ಏನನ್ನು ಹಾಕಲೇಬಾರದು?

ಹುಟ್ಟಿದ ದಿನಾಂಕ, ಮನೆ ವಿಳಾಸ, ಸ್ವಂತ ಮೊಬೈಲ್ ಸಂಖ್ಯೆ, ಜಾತಿ, ವೈವಾಹಿಕ ಸ್ಥಿತಿ. ಇವೆಲ್ಲ ಹಳೆಯ ಬಯೋಡಾಟಾದ ಪಳೆಯುಳಿಕೆ. ಇದಕ್ಕಿಂತ ಅಪಾಯದ್ದು ಕಚೇರಿಯಿಂದ ಆಗುವ ತಪ್ಪು: ನ್ಯಾಕ್‌ಗೆಂದು ತುಂಬಿದ ಅಧ್ಯಾಪಕರ ಎಕ್ಸೆಲ್ ಪಟ್ಟಿಯನ್ನು ಹಾಗೆಯೇ ಪಿಡಿಎಫ್ ಮಾಡಿ ಸಾರ್ವಜನಿಕವಾಗಿ ಇಡುವುದು. ಅದರಲ್ಲಿ ಪ್ಯಾನ್ ಸಂಖ್ಯೆಯ ಕಾಲಂ ಇರುವುದುಂಟು. ನಿಮ್ಮ ಹೆಸರನ್ನು ಕಾಲೇಜಿನ ಹೆಸರಿನೊಂದಿಗೆ ಒಮ್ಮೆ ಹುಡುಕಿ ನೋಡಿ. ಅಂಥ ಕಡತ ಸಿಕ್ಕಿದರೆ ತೆಗೆಸಲು ಪ್ರಾಂಶುಪಾಲರಿಗೆ ಬರೆದುಕೊಡಿ.

‘ಸಮರ್ಪಣಾ ಮನೋಭಾವದ’, ‘ವಿದ್ಯಾರ್ಥಿಗಳ ಅಚ್ಚುಮೆಚ್ಚಿನ’ ಎಂಬ ವಿಶೇಷಣಗಳೂ ಬೇಡ. ಅವು ಬೀಳ್ಕೊಡುಗೆ ಸಮಾರಂಭಕ್ಕೆ ಇರಲಿ.

ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿದ್ದು ವಿಚಿತ್ರ ಅಕ್ಷರಗಳಾಗಿ ಬಂದಿದೆ, ಏಕೆ?

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿರುತ್ತೀರಿ. ಅವುಗಳಲ್ಲಿ ‘ಕನ್ನಡ’ ಎಂಬುದು ಒಳಗೆ `PÀ£ÀßqÀ` ಎಂದೇ ಇರುತ್ತದೆ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ತೋರುತ್ತದೆ. ಯೂನಿಕೋಡಿಗೆ ಪರಿವರ್ತಿಸಿ ಕಳಿಸಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಕಣ್ಣಾರೆ ಓದಿ ನೋಡಬೇಕು, ತಪ್ಪು ನುಸುಳುವುದು ಅಲ್ಲೇ. ಇದರಿಂದ ಪಾರಾಗಲು ಪುಟವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಒಂದು ಪದವೂ ಹುಡುಕಾಟಕ್ಕೆ ಸಿಗುವುದಿಲ್ಲ.

ಎಷ್ಟು ದಿನಕ್ಕೊಮ್ಮೆ ತಿದ್ದಬೇಕು?

ಸೆಮಿಸ್ಟರಿನ ತರಗತಿ ಹಂಚಿಕೆ ಆದ ವಾರ ಭೇಟಿಯ ಸಮಯ ಮತ್ತು ಕಲಿಸುವ ವಿಷಯ ನೋಡಿ. ಉಳಿದದ್ದಕ್ಕೆ ವರ್ಷಕ್ಕೊಮ್ಮೆ ಸಾಕು. ‘10 ವರ್ಷಗಳ ಅನುಭವ’ ಎಂದು ಬರೆದರೆ ಪ್ರತಿ ಜೂನ್‌ನಲ್ಲಿ ತಿದ್ದಬೇಕಾಗುತ್ತದೆ, ‘2016ರಿಂದ’ ಎಂದರೆ ಆ ಕೆಲಸವಿಲ್ಲ. ಪರಿಚಯದ ಕೊನೆಗೆ ತಿದ್ದಿದ ತಿಂಗಳು, ವರ್ಷ ಸಣ್ಣಕ್ಷರದಲ್ಲಿರಲಿ.